ಗುಂಡು ಕಂಬದ ಸುರುಳಿ, ಗುಂಡು ಟ್ಯಾಂಕಿನ ರಿಂಗ್: ರಾಡ್ ಉದ್ದ ನಾನು ತೆಗೆಯುವ ರೀತಿ

ವಿಜಯಪುರದಲ್ಲಿ ಒಂದು ಮನೆಯ ಮುಂದಿನ ಗುಂಡು ಕಂಬಗಳು, ಇಂಡಿ ಕಡೆ ನಿಂಬೆ ತೋಟದ ಒಂದು ಗುಂಡು ನೀರಿನ ಟ್ಯಾಂಕ್. ಎರಡೂ ಕೆಲಸದ ಸ್ಟೀಲ್ ಲೆಕ್ಕ ನನ್ನ ಪಾಲಿಗೆ ಬಂದಿತ್ತು. ಎರಡರಲ್ಲೂ ಬೇಕಾದ ಗಣಿತ ಒಂದೇ, ವ್ಯಾಸವನ್ನು ಪೈಯಿಂದ ಗುಣಿಸಬೇಕು. ತಲೆ ಕೆಡಿಸುವುದು ಬೇರೆ ವಿಷಯ: ಯಾವ ವ್ಯಾಸ?

ಮೊದಲು ಕಂಬ. ಕಾಂಕ್ರೀಟಿನ ಹೊರ ವ್ಯಾಸ 450 ಮಿ.ಮೀ., ಕವರ್ ಅಂದರೆ ರಾಡಿನ ಹೊರಗೆ ಉಳಿಯುವ ಕಾಂಕ್ರೀಟಿನ ದಪ್ಪ 40. ಸುತ್ತಲೂ 8 ಮಿ.ಮೀ. ರಾಡಿನ ಸುರುಳಿ, ಪಿಚ್ 50. ಅಂದರೆ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ 50 ಮಿ.ಮೀ. ಏರಿಕೆ. ಕಂಬದ ಎತ್ತರ 3 ಮೀಟರ್.

ಎರಡೂ ಬದಿಯ ಕವರ್ ಕಳೆದರೆ 370 ಉಳಿಯುತ್ತದೆ. ಇದು ಸುರುಳಿಯ ಹೊರ ಅಂಚಿನ ವ್ಯಾಸ. ಆದರೆ ಬಗ್ಗಿಸಿದಾಗ ರಾಡಿನ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಉದ್ದ ಬದಲಾಗದೆ ಉಳಿಯುವುದು ರಾಡಿನ ನಡು ಮಾತ್ರ. ಹಾಗಾಗಿ ಇನ್ನೊಂದು 8 ಕಳೆದು 362 ಹಿಡಿಯುತ್ತೇನೆ. ಒಂದು ಸುತ್ತು 1137 ಮಿ.ಮೀ. ಆಯಿತು. ಸುರುಳಿ ಮೇಲಕ್ಕೆ ಏರುತ್ತಾ ಹೋಗುವುದರಿಂದ ಸೂತ್ರದಲ್ಲಿ ಪಿಚ್ ಕೂಡ ಬರುತ್ತದೆ:

```
L = N × √((π × D)² + p²)
```

ಇಲ್ಲಿ D ಆ 362, p ಪಿಚ್, N ಸುತ್ತುಗಳ ಸಂಖ್ಯೆ. ಹಾಕಿ ನೋಡಿದರೆ ಒಂದು ಸುತ್ತು 1138.4. ಏರಿಕೆಯಿಂದ ಹೆಚ್ಚಾದದ್ದು ಬರೀ ಒಂದು ಮಿಲಿಮೀಟರ್! ಈ ವರ್ಗಮೂಲದ ಬಗ್ಗೆ ಸೈಟಿನಲ್ಲಿ ಜೋರು ಚರ್ಚೆ ಆಗುವುದನ್ನು ನೋಡಿದ್ದೇನೆ, ಆದರೆ ಕಂಬದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಪಿಚ್‌ನ ನಿಜವಾದ ಪರಿಣಾಮ ಸುತ್ತುಗಳ ಸಂಖ್ಯೆಯ ಮೇಲೆ. 3000 ಭಾಗಿಸು 50, ಅಂದರೆ 60 ಸುತ್ತು. ಪಿಚ್ 60 ಮಾಡಿದರೆ 50 ಸುತ್ತಿಗೆ ಇಳಿಯುತ್ತದೆ.

ಹಾಗಂತ ಪಿಚ್ ಸುಮ್ನೆ ದೊಡ್ಡದು ಮಾಡುವಂತಿಲ್ಲ. ಸುರುಳಿಯಿಂದ ಸಿಗುವ ಹೆಚ್ಚಿನ ಬಲವನ್ನು ಡಿಸೈನಿನಲ್ಲಿ ಹಿಡಿದಿದ್ದರೆ, ಕಾಂಕ್ರೀಟ್ ಕೆಲಸದ ಭಾರತೀಯ ಕೋಡ್ ಐಎಸ್ 456 ಪ್ರಕಾರ ಪಿಚ್ 75 ಮಿ.ಮೀ. ಮೀರಬಾರದು, ಒಳ ತಿರುಳಿನ ವ್ಯಾಸದ ಆರನೇ ಒಂದು ಭಾಗವನ್ನೂ ಮೀರಬಾರದು. ನಮ್ಮ ತಿರುಳು 370, ಅದರ ಆರನೇ ಭಾಗ 61 ಚಿಲ್ಲರೆ. 75 ನಡೆಯುತ್ತದೆ ಅಂತ ಬಾಯಿಪಾಠ ಮಾಡಿಕೊಂಡವರು ಎಡವುವುದು ಇಲ್ಲೇ.

ಅದೇ ಕೋಡ್ ಸುರುಳಿಯ ಎರಡೂ ತುದಿಗೆ ಒಂದೂವರೆ ಸುತ್ತು ಹೆಚ್ಚಿಗೆ ಕೇಳುತ್ತದೆ. ಒಟ್ಟು 63 ಸುತ್ತು, 71.7 ಮೀಟರ್. 12 ಮೀಟರ್ ರಾಡ್ ಆರು ತಂದರೆ 72 ಮೀಟರ್, ಸಾಕಲ್ವಾ ಅನ್ನಿಸುತ್ತದೆ. ಸಾಲುವುದಿಲ್ಲ. ಆರು ರಾಡ್ ಸೇರಿಸಲು ಐದು ಕಡೆ ಲ್ಯಾಪ್ ಬೇಕು, ಅಂದರೆ ಒಂದು ರಾಡಿನ ತುದಿ ಇನ್ನೊಂದರ ಪಕ್ಕ ಸ್ವಲ್ಪ ದೂರ ಜೊತೆಯಾಗಿ ಹೋಗಬೇಕು. ನಮ್ಮ ಡ್ರಾಯಿಂಗಿನಲ್ಲಿ ಒಂದು ಲ್ಯಾಪ್ 400 ಮಿ.ಮೀ. ಇತ್ತು, ಅಲ್ಲಿಗೇ 2 ಮೀಟರ್ ಹೋಯಿತು. ಉಳಿದದ್ದು 70. ಕೊರತೆ 1.7, ಆರನೇ ಲ್ಯಾಪ್ ಸೇರಿ ಏಳನೇ ರಾಡಿನಿಂದ 2.1 ಮೀಟರ್ ತುಂಡು ತೆಗೆಯಲೇಬೇಕು. ಒಟ್ಟು ರಾಡ್ 74.1 ಮೀಟರ್, ಮೀಟರಿಗೆ 0.395 ಕೆ.ಜಿ.ಯಂತೆ ಒಂದು ಕಂಬಕ್ಕೆ ಸುಮಾರು 29.3 ಕೆ.ಜಿ. ಕವರ್ ಕಳೆಯದೆ 450 ಮೇಲೆ ಲೆಕ್ಕ ಹಾಕಿದ್ದರೆ ಕಂಬಕ್ಕೆ 17 ಮೀಟರ್ ಜಾಸ್ತಿ ಬರುತ್ತಿತ್ತು.

ಈಗ ಟ್ಯಾಂಕ್. ಒಳ ವ್ಯಾಸ 8 ಮೀಟರ್, ಗೋಡೆ ದಪ್ಪ 200 ಮಿ.ಮೀ., ಎತ್ತರ 3 ಮೀಟರ್. ಗೋಡೆಯ ಒಳಮೈಗೊಂದು ಹೊರಮೈಗೊಂದು, ಎರಡು ಪದರ ರಿಂಗ್. ರಾಡ್ 10 ಮಿ.ಮೀ., ಕವರ್ ಎರಡೂ ಕಡೆ 45. ಡ್ರಾಯಿಂಗಿನಲ್ಲಿ ರಿಂಗ್ ಗೋಡೆಯ ಮೈಗೆ ಹತ್ತಿರ, ನಿಂತ ರಾಡ್ ಅದರ ಹಿಂದೆ. ಇದನ್ನು ಮೊದಲೇ ನೋಡಿಕೊಳ್ಳಿ. ನಿಂತ ರಾಡ್ ಮೈ ಕಡೆ ಇದ್ದರೆ ಅದರ ದಪ್ಪವೂ ಲೆಕ್ಕಕ್ಕೆ ಸೇರುತ್ತದೆ.

ಹೊರ ಪದರಕ್ಕೆ ಕಂಬದ ಹಾಗೆಯೇ ಕಳೆಯುತ್ತಾ ಹೋಗಬೇಕು. ಹೊರ ವ್ಯಾಸ 8400, ಎರಡು ಕವರ್ 90, ರಾಡಿನ 10 ಕಳೆದರೆ 8300. ಒಳ ಪದರಕ್ಕೆ ಎಲ್ಲ ಉಲ್ಟಾ. ಅಲ್ಲಿ ಕವರ್ ಟ್ಯಾಂಕಿನ ಖಾಲಿ ಜಾಗದಿಂದ ಗೋಡೆಯ ಒಳಕ್ಕೆ ಹೋಗುತ್ತದೆ, ಆದ್ದರಿಂದ ಕೂಡಿಸಬೇಕು. 8000ಕ್ಕೆ 90, 10 ಸೇರಿಸಿದರೆ 8100. ಹೊರ ರಿಂಗಿನ ಸುತ್ತು 26.075 ಮೀಟರ್, ಒಳ ರಿಂಗಿನದು 25.447.

ನಮ್ಮ ಬಾರ್ ಬೆಂಡರ್ ಕೇಳಿದ, "ಸರ, ಗ್ವಾಡಿ ನಡುವಿನ ಅಳತಿ ಹಿಡದ್ರ ಎರಡಕ್ಕೂ ನಡೀತೈತಲ್ರಿ?" ಪ್ರಶ್ನೆ ದಡ್ಡತನದ್ದಲ್ಲ. ಎರಡೂ ಕಡೆ ಕವರ್ ಒಂದೇ ಆದ್ದರಿಂದ ನಡು ವ್ಯಾಸ 8200 ಹಿಡಿದರೆ ಒಟ್ಟು ಸ್ಟೀಲ್ ಸರಿಯಾಗಿಯೇ ಬರುತ್ತದೆ, ಒಂದರ ಕೊರತೆ ಇನ್ನೊಂದರ ಹೆಚ್ಚಿಗೆ ಸಮ. ಅಂಗಡಿಗೆ ಚೀಟಿ ಬರೆಯಲು ಅಷ್ಟು ಸಾಕು. ಕತ್ತರಿಸಲು ಸಾಲದು. ಒಂದೇ ಅಳತೆಯಲ್ಲಿ ಕತ್ತರಿಸಿದರೆ ಹೊರ ರಿಂಗಿಗೆ 314 ಮಿ.ಮೀ. ಕಡಿಮೆ ಬೀಳುತ್ತದೆ, ಅದು ಮೂರು ಲ್ಯಾಪ್‌ಗಳಿಂದ ಹೋಗುತ್ತದೆ. 900 ಇರಬೇಕಾದ ಲ್ಯಾಪ್ 795ಕ್ಕೆ ಇಳಿಯುತ್ತದೆ. ಹೊರ ಪದರದಲ್ಲಿ ಎಲ್ಲ ಲ್ಯಾಪ್‌ಗಳೂ ಗಿಡ್ಡ, ಒಳ ಪದರದಲ್ಲಿ ಎಲ್ಲವೂ ಉದ್ದ ಕಂಡರೆ ಕಾರಣ ಇದೇ.

ಟ್ಯಾಂಕಿನಲ್ಲಿ ಲ್ಯಾಪ್ ಗಿಡ್ಡ ಆಗುವುದು ಕಂಬದಷ್ಟು ಹಗುರ ಮಾತಲ್ಲ. ತುಂಬಿದ ನೀರು ಗೋಡೆಯನ್ನು ಹೊರಕ್ಕೆ ನೂಕುತ್ತದೆ, ರಿಂಗ್ ಪೂರ್ತಿ ಎಳೆತದಲ್ಲಿರುತ್ತದೆ. ನೇರ ಎಳೆತದ ರಾಡಿಗೆ ಮಾಮೂಲಿ ಹಿಡಿತದ ಉದ್ದದ ಎರಡರಷ್ಟು ಲ್ಯಾಪ್ ಬೇಕು ಅನ್ನುತ್ತದೆ ಐಎಸ್ 456. 10 ಮಿ.ಮೀ. ರಾಡಿಗೆ 900 ಅಂದಾಗ ಮಾಲೀಕರು ಹುಬ್ಬೇರಿಸಿದ್ದು ಸಹಜ.

ಲ್ಯಾಪ್ ಎಷ್ಟು ಅನ್ನುವುದರಲ್ಲೂ ಒಂದು ವ್ಯತ್ಯಾಸ ಇದೆ. ಕಂಬದ ಸುರುಳಿಗೆ ಎರಡು ತುದಿ ಇವೆ, ಏಳು ತುಂಡಿಗೆ ಆರೇ ಲ್ಯಾಪ್. ಟ್ಯಾಂಕಿನ ರಿಂಗ್ ಮುಚ್ಚಿದ ಸುತ್ತು, ಮೂರು ತುಂಡಿಗೆ ಮೂರು ಲ್ಯಾಪ್. ಹಾಗಾಗಿ ಹೊರ ರಿಂಗ್ 26.075 ಕೂಡಿಸು 2.7, ಅಂದರೆ 28.775 ಮೀಟರ್. ಒಳ ರಿಂಗ್ 28.147.

ಹೊರ ರಿಂಗನ್ನು ಮೂರು ಸಮ ತುಂಡು ಮಾಡಿದರೆ ತಲಾ 9.59 ಮೀಟರ್, ಪ್ರತಿ ರಾಡಿನಲ್ಲೂ 2.41 ಮೀಟರ್ ಉಳಿಕೆ. ನಾನು ಎರಡು ಪೂರ್ತಿ ರಾಡ್ ಹಾಗೇ ಬಿಟ್ಟು, ಮೂರನೆಯದನ್ನು 4.775 ಮಾಡಿಸಿದೆ. ಒಂದು ರಾಡಿನಿಂದ ಅಂಥ ಎರಡು ತುಂಡು ಬರುತ್ತವೆ. ಎರಡು ರಿಂಗಿಗೆ ಆರು ರಾಡ್ ಹೋಗುವ ಕಡೆ ಐದೇ ಸಾಕಾದವು.

ರಿಂಗ್ ಎಷ್ಟು? ಕೆಳಗೆ ನೀರಿನ ಒತ್ತಡ ಜಾಸ್ತಿ, ಆದ್ದರಿಂದ ಅಂತರ ಬದಲಾಗುತ್ತದೆ. ಕೆಳಗಿನ ಮೀಟರಿಗೆ 100, ನಡುವಿನದಕ್ಕೆ 125, ಮೇಲಿನದಕ್ಕೆ 200 ಇತ್ತು. ಅಂದರೆ 10, 8, 5. ಕೊನೆಗೆ ಒಂದು ಕೂಡಿಸಿದರೆ 24. ಆ ಒಂದನ್ನು ಮೂರೂ ಭಾಗಕ್ಕೆ ಬೇರೆ ಬೇರೆ ಕೂಡಿಸಿ 26 ಮಾಡುವವರಿದ್ದಾರೆ. ಭಾಗಗಳು ಕೂಡುವ ಗೆರೆಯ ರಿಂಗ್ ಎರಡು ಸಲ ಎಣಿಕೆಯಾದರೆ ಹಾಗಾಗುತ್ತದೆ. ಎರಡೂ ಪದರ ಸೇರಿ 1366 ಮೀಟರ್, ಮೀಟರಿಗೆ 0.617 ಕೆ.ಜಿ.ಯಂತೆ 843 ಕೆ.ಜಿ. ಇದು ಗೋಡೆಗೆ ಕೂರುವ ತೂಕ, ಉಳಿಕೆ ತುಂಡು ಇದರಲ್ಲಿಲ್ಲ.

ಕಟ್ಟುವಾಗ ಒಂದು ರಿಂಗಿನ ಲ್ಯಾಪ್ ಮೇಲೆ ಇನ್ನೊಂದು ರಿಂಗಿನ ಲ್ಯಾಪ್ ನೇರ ಬರದಂತೆ, ಪ್ರತಿ ರಿಂಗಿನ ಶುರುವನ್ನು ಸರಿಸುತ್ತಾ ಹೋಗಬೇಕು. ಹೊರ ಪದರದಿಂದ ಉಳಿದ 2.45 ಮೀಟರ್ ತುಂಡುಗಳನ್ನು ಎರಡು ಪದರದ ನಡುವೆ ಅಂತರ ಹಿಡಿಯುವ ಚೇರ್‌ಗಳಿಗೆ ಬಳಸಿದೆವು.