ಎಬಿಜಿ ಓದುವಾಗ ಎಡವುವುದು ಮೂರನೇ ಹೆಜ್ಜೆಯಲ್ಲಿ

ಎಬಿಜಿ ಚೀಟಿ ನೋಡಿ ‘ಮೆಟಬಾಲಿಕ್ ಆಸಿಡೋಸಿಸ್’ ಎಂದು ಸರಿಯಾಗಿಯೇ ಹೇಳುವ ವಿದ್ಯಾರ್ಥಿಗಳು ಬಹಳ. ಆದರೆ ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ, ಅದೇ ಚೀಟಿಯಲ್ಲಿರುವ ಎರಡನೇ ತೊಂದರೆ ಕಣ್ತಪ್ಪುತ್ತದೆ. ಈ ಉದಾಹರಣೆ ನೋಡಿ. ಡಯಾಬಿಟಿಕ್ ಕೀಟೋಆಸಿಡೋಸಿಸ್ ಎಂದು ದಾಖಲಾದ ರೋಗಿ, ಪಿಎಚ್ 7.09, ಪಿಸಿಒ2 34, ಬೈಕಾರ್ಬನೇಟ್ 10, ಸೋಡಿಯಂ 136, ಕ್ಲೋರೈಡ್ 98.

ಮೊದಲ ಹೆಜ್ಜೆ, ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದು. 24ನ್ನು ಪಿಸಿಒ2ನಿಂದ ಗುಣಿಸಿ ಬೈಕಾರ್ಬನೇಟ್‌ನಿಂದ ಭಾಗಿಸಿದರೆ ಹೈಡ್ರೋಜನ್ ಅಯಾನು ಸುಮಾರು 82 ಬರುತ್ತದೆ. ಪಿಎಚ್ 7.09 ಎಂದರೆ 81, ಹೊಂದಿತು. ಹೊಂದದಿದ್ದರೆ ಅಂಕಿ ಬರೆದುಕೊಂಡದ್ದೇ ತಪ್ಪಿರಬಹುದು. ಆದರೆ ಕೆಟ್ಟ ಸ್ಯಾಂಪಲ್ ಈ ಲೆಕ್ಕಕ್ಕೆ ಸಿಗುವುದಿಲ್ಲ. ಸಿರಿಂಜಿಗೆ ದ್ರವ ಹೆಪಾರಿನ್ ಎಳೆದು ಪೂರ್ತಿ ಹೊರಚೆಲ್ಲದೆ ಬಳಸಿದರೆ ರಕ್ತ ತೆಳುವಾಗಿ ಪಿಸಿಒ2, ಬೈಕಾರ್ಬನೇಟ್ ಎರಡೂ ಸುಳ್ಳು ಸುಳ್ಳೇ ಇಳಿಯುತ್ತವೆ. ಒಣ ಹೆಪಾರಿನ್ ಇರುವ ಎಬಿಜಿ ಸಿರಿಂಜನ್ನೇ ಬಳಸಿ.

ಎರಡನೆಯದು ಸುಲಭ: ಪಿಎಚ್ ಇಳಿದಿದೆ, ಬೈಕಾರ್ಬನೇಟ್ ಕೂಡ ಇಳಿದಿದೆ, ಹಾಗಾಗಿ ಮೂಲ ತೊಂದರೆ ಮೆಟಬಾಲಿಕ್ ಆಸಿಡೋಸಿಸ್.

ಮೂರನೆಯದರಲ್ಲಿ ನಿಧಾನಿಸಿ. ರಕ್ತ ಹುಳಿಯಾದಾಗ ಶ್ವಾಸಕೋಶ ಜೋರಾಗಿ ಉಸಿರಾಡಿ ಇಂಗಾಲದ ಡೈಆಕ್ಸೈಡನ್ನು ಹೊರಹಾಕಬೇಕು. ಎಷ್ಟು ಹೊರಹಾಕಬೇಕು ಎಂಬುದನ್ನು ವಿಂಟರ್ಸ್ ಸೂತ್ರ ಹೇಳುತ್ತದೆ:

```
PaCO2 = 1.5 × HCO3 + 8 (± 2)
```

ಇಲ್ಲಿ 15 ಕೂಡಿಸು 8, ಅಂದರೆ 23. ಇರಬೇಕಾದದ್ದು 21ರಿಂದ 25, ಇರುವುದು 34. ಮಾಮೂಲಿ ಮಿತಿ 35–45 ಮಾತ್ರ ತಲೆಯಲ್ಲಿದ್ದರೆ 34 ‘ಸ್ವಲ್ಪ ಕಡಿಮೆ, ಪರವಾಗಿಲ್ಲ’ ಎನಿಸುತ್ತದೆ. ಈ ರೋಗಿಯ ಮಟ್ಟಿಗೆ ಅದು ಬಹಳ ಹೆಚ್ಚು, ಜೊತೆಯಲ್ಲಿ ರೆಸ್ಪಿರೇಟರಿ ಆಸಿಡೋಸಿಸ್ ಕೂಡ ಇದೆ. ಪಿಸಿಒ2 23 ಇದ್ದಿದ್ದರೆ ಪಿಎಚ್ 7.26ರ ಆಸುಪಾಸಿನಲ್ಲಿರುತ್ತಿತ್ತು, ಅಲ್ಲಿಂದ 7.09ಕ್ಕೆ ಇಳಿಸಿದ್ದು ಉಸಿರಾಟದ ಕೊರತೆ. ರೋಗಿ ಉಸಿರಾಡಿ ಸುಸ್ತಾಗಿದ್ದಾರೆಯೇ, ತೂಕಡಿಸುತ್ತಿದ್ದಾರೆಯೇ, ನ್ಯುಮೋನಿಯಾ ಇದೆಯೇ, ಪೊಟ್ಯಾಸಿಯಂ ಕುಸಿದು ಸ್ನಾಯುಗಳು ಸೋತಿವೆಯೇ ಎಂದು ತಕ್ಷಣ ನೋಡಿ, ಹಿರಿಯ ವೈದ್ಯರನ್ನು ಕರೆಯಿರಿ. ಇದೇ ಪಿಸಿಒ2 16 ಇದ್ದಿದ್ದರೆ ರೆಸ್ಪಿರೇಟರಿ ಆಲ್ಕಲೋಸಿಸ್ ಸೇರಿಕೊಂಡಿದೆ ಎಂದರ್ಥ. ಆಗ ಸೆಪ್ಸಿಸ್ ಹುಡುಕಬೇಕು.

ಪಿಎಚ್‌ನ ಕೊನೆಯ ಎರಡು ಅಂಕಿಯೇ ಇರಬೇಕಾದ ಪಿಸಿಒ2 ಎಂಬ ಒಳದಾರಿಯೊಂದು ವಾರ್ಡುಗಳಲ್ಲಿ ಓಡಾಡುತ್ತದೆ. ಎರಡು ತೊಂದರೆ ಬೆರೆತಾಗ ಪಿಎಚ್ ತಾನೇ ಸರಿದಿರುತ್ತದೆ, ಆದ್ದರಿಂದ ಅದನ್ನು ಬಿಟ್ಟುಬಿಡಿ. ಇಲ್ಲಿ ಅದು 9 ಎನ್ನುತ್ತದೆ! ವಿಂಟರ್ಸ್ ಸೂತ್ರ ಕೂಡ ಮೆಟಬಾಲಿಕ್ ಆಸಿಡೋಸಿಸ್‌ಗೆ ಮಾತ್ರ, ಬೇರೆಡೆ ಹಾಕಬೇಡಿ.

ಕೊನೆಗೆ ಆನಯಾನ್ ಗ್ಯಾಪ್. ಸೋಡಿಯಂನಿಂದ ಕ್ಲೋರೈಡ್, ಬೈಕಾರ್ಬನೇಟ್ ಕಳೆದರೆ 28. ಮಾಮೂಲಿ 12ಕ್ಕಿಂತ 16 ಹೆಚ್ಚಿದೆ, ಬೈಕಾರ್ಬನೇಟ್ 24ರಿಂದ 14 ಇಳಿದಿದೆ. ಏರಿಳಿತ ಹೆಚ್ಚುಕಮ್ಮಿ ಸಮ, ಹಾಗಾಗಿ ಇನ್ನೊಂದು ಮೆಟಬಾಲಿಕ್ ತೊಂದರೆ ಅಡಗಿಲ್ಲ. ಗ್ಯಾಪ್ ಏರಿದ್ದಕ್ಕಿಂತ ಬೈಕಾರ್ಬನೇಟ್ ತೀರಾ ಕಡಿಮೆ ಇಳಿದಿದ್ದರೆ ವಾಂತಿಯಿಂದಾದ ಆಲ್ಕಲೋಸಿಸ್ ಇದೆಯೇ ಎಂದು ಕೇಳಿ. ಆಲ್ಬುಮಿನ್ 4ಕ್ಕಿಂತ ಇಳಿದ ಪ್ರತಿ 1 ಗ್ರಾಂಗೆ ಗ್ಯಾಪ್‌ಗೆ 2.5 ಸೇರಿಸಿದ ಮೇಲೆಯೇ ಈ ಹೋಲಿಕೆ ಮಾಡಿ.