ರಜೆ ಅರ್ಜಿಗೆ ಮುನ್ನ ಪೆನ್ಸಿಲ್ ಹಾಳೆ: ನಮ್ಮ ಲ್ಯಾಬಿನಲ್ಲಿ ನಾನು ಮಾಡಿ ನೋಡಿದ್ದು

ಮೈಸೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನಾವು ಐವರು ಟೆಕ್ನಿಷಿಯನ್‌ಗಳಿದ್ದೇವೆ. ಬೆಳಗಿನ ಪಾಳಿಗೆ ಇಬ್ಬರು, ಮಧ್ಯಾಹ್ನಕ್ಕೆ ಮತ್ತು ರಾತ್ರಿಗೆ ಒಬ್ಬೊಬ್ಬರು ಬೇಕೇ ಬೇಕಾದ್ದರಿಂದ, ಒಂದೇ ದಿನ ಇಬ್ಬರು ಬಾರದಿದ್ದರೆ ಉಳಿದವರಲ್ಲಿ ಒಬ್ಬರು ಡಬಲ್ ಡ್ಯೂಟಿ ಮಾಡಬೇಕು, ಇಲ್ಲವೇ ದಿನಕ್ಕೆ ಸುಮಾರು 900 ರೂಪಾಯಿ ಕೊಟ್ಟು ಹೊರಗಿನವರನ್ನು ಕರೆಸಬೇಕು.

ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ಹೆಸರು ಬರೆಯುವ ಪದ್ಧತಿ ತಂದೆ. ಒಬ್ಬರು ಜನವರಿಯಲ್ಲೇ ಎಲ್ಲ ಹಬ್ಬಗಳ ಮೇಲೂ ತಮ್ಮ ಹೆಸರು ಬರೆದುಬಿಟ್ಟರು. ಬಳಿಕ ವಾಟ್ಸಾಪ್ ಗುಂಪಿನಲ್ಲಿ ಕೇಳತೊಡಗಿದೆವು. ಸಹೋದ್ಯೋಗಿಗಳು ದಿನಾಂಕವನ್ನು ಓದದೆಯೇ ಹೆಬ್ಬೆರಳಿನ ಗುರುತು ಹಾಕಿದ್ದನ್ನು ಒಪ್ಪಿಗೆಯೆಂದು ನಂಬಿದ ನಾನು ರೈಲು ಟಿಕೆಟ್ ರದ್ದುಪಡಿಸಿ ಐದಾರು ನೂರು ರೂಪಾಯಿ ಕಳೆದುಕೊಂಡೆ. ಟಿಕೆಟ್ ಕೈಗೆ ಬಂದ ಮೇಲೆ ಯಾರೂ ದಿನಾಂಕ ಬಿಟ್ಟುಕೊಡುವುದಿಲ್ಲ ಎಂಬುದು ಆಗ ಅರ್ಥವಾಯಿತು. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಆದ್ದರಿಂದ ಅದಕ್ಕೂ ಒಂದು ವಾರ ಮುಂಚೆಯೇ, ಬೆಳಗಿನ ಪಾಳಿ ಬದಲಾಗುವ ಹೊತ್ತಿನಲ್ಲಿ, ಎದುರುಬದುರು ಕುಳಿತು, ಬೇಕಾದ ದಿನಗಳನ್ನು ಪೆನ್ಸಿಲಿನಲ್ಲಿ ಬರೆದು ಒಂದು ಹಾಳೆ ತುಂಬುವುದೆಂದು ನಿಶ್ಚಯಿಸಿದೆವು. ಇದು ನಡೆಯುವ ಮಾತಲ್ಲ ಎಂದೇ ನಮ್ಮ ಇನ್‌ಚಾರ್ಜ್ ಹೇಳಿದ್ದರು.

2025ರ ಯುಗಾದಿಯೇ ಇದಕ್ಕೆ ಪರೀಕ್ಷೆಯಾಯಿತು. ಮಾರ್ಚ್ 30ರ ಭಾನುವಾರ ಯುಗಾದಿ. ಚಂದ್ರದರ್ಶನವನ್ನು ಅವಲಂಬಿಸಿ 31ಕ್ಕೆ ಅಥವಾ ಏಪ್ರಿಲ್ 1ಕ್ಕೆ ರಂಜಾನ್. ಹುಬ್ಬಳ್ಳಿಯ ಸಹೋದ್ಯೋಗಿ 28ರಿಂದ 31ರವರೆಗೆ ಊರಿನಲ್ಲಿರಬೇಕೆಂದರು. ರಂಜಾನ್ ಆಚರಿಸುವ ಸಹೋದ್ಯೋಗಿ 31ನ್ನು ಕೇಳಿದರು. ಮಾತುಕತೆಯ ನಂತರ ಮೊದಲನೆಯವರು 28 ಮತ್ತು 29ಕ್ಕೆ ಮಾತ್ರ ರಜೆ ಹಾಕಿ, 30ರ ವಾರದ ರಜೆಯನ್ನು ಅದಕ್ಕೆ ಸೇರಿಸಿಕೊಂಡು, 31ರ ಮಧ್ಯಾಹ್ನದ ಪಾಳಿಗೆ ಮರಳಲು ಒಪ್ಪಿದರು. ಪ್ರತಿಯಾಗಿ ದೀಪಾವಳಿಯ ಬಲಿಪಾಡ್ಯಮಿಯಲ್ಲಿ ಅವರಿಗೇ ಮೊದಲ ಆಯ್ಕೆ.

ಆದರೂ ಘರ್ಷಣೆ ಉಳಿದಿತ್ತು. ಎರಡನೆಯವರ ವಾರದ ರಜೆಯೂ 30ರಂದೇ ಬಿದ್ದಿತ್ತು, ಮತ್ತು ವಾರದ ರಜೆಯನ್ನು ರಜೆ ಅರ್ಜಿಯಲ್ಲಿ ಬರೆಯುವ ರೂಢಿ ಇಲ್ಲದ್ದರಿಂದ ಎರಡೂ ಅರ್ಜಿಗಳು ಸುಲಭವಾಗಿ ಮಂಜೂರಾಗುತ್ತಿದ್ದವು. ಅಂದಿನಿಂದ ನಾನು ಹಾಳೆಯಲ್ಲಿ ರಜೆಯ ದಿನಗಳನ್ನಲ್ಲ, ಲ್ಯಾಬಿನಲ್ಲಿ ಇಲ್ಲದ ದಿನಗಳನ್ನೇ ಬರೆಸುತ್ತೇನೆ. ಎರಡನೆಯವರ ವಾರದ ರಜೆಯನ್ನು 27ಕ್ಕೆ ಸರಿಸಿ, ಉಳಿದ ಮೂವರ ವಾರದ ರಜೆಗಳನ್ನು 24, 25, 26ಕ್ಕೆ ಹಂಚಿದಾಗ ಪ್ರತಿ ದಿನವೂ ನಾಲ್ವರು ಉಳಿದರು. ಸಂಜೆ ಚಂದ್ರನನ್ನು ನೋಡಲು ಅವರು ಮನೆಯಲ್ಲಿರಲೆಂದು 30ರಂದು ಬೆಳಗಿನ ಪಾಳಿಯನ್ನೇ ಕೊಟ್ಟೆವು. 31 ಮತ್ತು 1 ಎರಡನ್ನೂ ಪೆನ್ಸಿಲಿನಲ್ಲಿ ಕಾಯ್ದಿರಿಸಿ, ಚಂದ್ರ ಕಂಡ ರಾತ್ರಿ 1ನ್ನು ಅಳಿಸಿದೆವು.

ಎಲ್ಲರ ಸಹಿ ಬಿದ್ದ ಮೇಲಷ್ಟೇ ಅರ್ಜಿಗಳನ್ನು ಸಲ್ಲಿಸುತ್ತೇವೆ. ನಡುವೆ ಚೀಟಿ ಎತ್ತುವುದನ್ನೂ ಪ್ರಯತ್ನಿಸಿದ್ದೆ; ಸೋತವರು ಆ ದಿನವೇ ಜ್ವರವೆಂದು ಫೋನ್ ಮಾಡಿದ್ದರಿಂದ ಅದನ್ನು ಕೈಬಿಟ್ಟೆ. ಇಬ್ಬರೂ ಒಂದೇ ದಿನಕ್ಕೆ ಪಟ್ಟು ಹಿಡಿದಾಗ ಯಾರೊಂದಿಗೆ ಮೊದಲು ಮಾತನಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನಮ್ಮವರೂ ಇದನ್ನು ಓದುತ್ತಾರೆ. ಆ ವರ್ಷ ದೀಪಾವಳಿಯ ಹಾಳೆ ಆಗಸ್ಟ್ ಮೊದಲ ವಾರದಲ್ಲೇ ತುಂಬಿತು, ಮತ್ತು ಅದನ್ನು ಈ ಬಾರಿ ತಂದು ಮೇಜಿನ ಮೇಲಿಟ್ಟವರು ಇನ್‌ಚಾರ್ಜ್ ಅವರೇ.