ಕಾರಿನ ವಿಮೆ: ಕಂಪನಿಯ ವೆಬ್‌ಸೈಟೋ, ಹೋಲಿಕೆ ತಾಣವೋ?

ಹೊಸ ಕಾರು ಕೊಂಡು ಮೂರು ವರ್ಷ ತುಂಬಿದಾಗ, ಶೋರೂಮಿನಲ್ಲೇ ಒಟ್ಟಿಗೆ ಕಟ್ಟಿದ್ದ ಥರ್ಡ್ ಪಾರ್ಟಿ ವಿಮೆಯ ಅವಧಿಯೂ ಮುಗಿಯುತ್ತದೆ. ಹಾಸನದಲ್ಲಿ ನೋಂದಣಿಯಾದ, KA-13 ನಂಬರಿನ, 1,197 ಸಿಸಿ ಪೆಟ್ರೋಲ್ ಕಾರೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಶೋರೂಂ ಬೆಲೆ 7 ಲಕ್ಷ, ಮೂರು ವರ್ಷದಲ್ಲಿ ಒಂದೂ ಕ್ಲೇಮ್ ಇಲ್ಲ. ಇದರ ವಿಮೆಯನ್ನು ಎಲ್ಲಿ ನವೀಕರಿಸಬೇಕು, ಕಂಪನಿಯ ವೆಬ್‌ಸೈಟಿನಲ್ಲೋ, ಹಲವು ಕಂಪನಿಗಳ ದರ ಒಟ್ಟಿಗೆ ತೋರಿಸುವ ಹೋಲಿಕೆ ತಾಣದಲ್ಲೋ?

ಶುರು ಮಾಡುವ ಮೊದಲು ಆರ್‌ಸಿ ಮತ್ತು ಹಳೆಯ ಪಾಲಿಸಿ ಕೈಯಲ್ಲಿರಲಿ. ಅವಧಿ ಮುಗಿಯಲು ಎರಡು ವಾರ ಇರುವಾಗಲೇ ಕೂತರೆ ಒಳ್ಳೆಯದು. ದಿನ ದಾಟಿಬಿಟ್ಟರೆ ಕಾರಿನ ಫೋಟೊ, ವಿಡಿಯೊ ಕಳಿಸಿ ತಪಾಸಣೆ ಮಾಡಿಸಬೇಕಾಗುತ್ತದೆ. 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಪೂರ್ತಿ ಹೋಗುತ್ತದೆ.

ಮೊದಲು ಈಗಿರುವ ಕಂಪನಿಯ ವೆಬ್‌ಸೈಟ್

ಇದನ್ನೇ ಮೊದಲು ನೋಡಲು ಕಾರಣ ಸರಳ. ನಿಮ್ಮ ಹೆಸರು, ಮೊಬೈಲ್, ಚಾಸಿ ನಂಬರ್ ಎಲ್ಲ ಈ ಕಂಪನಿಯ ಹತ್ತಿರ ಈಗಾಗಲೇ ಇದೆ, ಹೊಸದಾಗಿ ಯಾರಿಗೂ ಏನನ್ನೂ ಕೊಟ್ಟಂತಾಗುವುದಿಲ್ಲ. ವೆಬ್ ವಿಳಾಸವನ್ನು ಪಾಲಿಸಿ ಪತ್ರದಿಂದ ನೋಡಿ ನೀವೇ ಟೈಪ್ ಮಾಡಿ. ಗೂಗಲ್‌ನಲ್ಲಿ ಹುಡುಕಿದರೆ ಮೇಲ್ಗಡೆ ಜಾಹೀರಾತಿನ ಕೊಂಡಿಗಳು ಬರುತ್ತವೆ, ಅವು ಬೇರೆಯವರ ಪುಟಕ್ಕೂ ಕರೆದೊಯ್ಯಬಹುದು. ಪಾಲಿಸಿ ನಂಬರ್ ಹಾಕಿದರೆ ನವೀಕರಣದ ಮೊತ್ತ ಬರುತ್ತದೆ. ಹಣ ಕಟ್ಟಬೇಡಿ, ಆ ಪರದೆಯಲ್ಲಿರುವ ಮೂರು ಅಂಕಿಗಳನ್ನು ಬರೆದುಕೊಳ್ಳಿ: ಐಡಿವಿ, ಅಂದರೆ ಕಾರು ಕಳುವಾದರೆ ಅಥವಾ ಪೂರ್ತಿ ಜಖಂ ಆದರೆ ಸಿಗುವ ಮೊತ್ತ, ನೋ ಕ್ಲೇಮ್ ಬೋನಸ್ಸಿನ ಶೇಕಡಾವಾರು, ಓನ್ ಡ್ಯಾಮೇಜ್ ಪ್ರೀಮಿಯಂ, ಅಂದರೆ ನಿಮ್ಮದೇ ಕಾರಿಗಾಗುವ ಹಾನಿಯ ರಕ್ಷಣೆಗೆ ಕಟ್ಟುವ ಹಣ.

ನಮ್ಮ ಉದಾಹರಣೆಯಲ್ಲಿ ಮೂರು ವರ್ಷ ದಾಟಿದ ಕಾರಿಗೆ ಶೇ 40 ಸವಕಳಿ, ಹಾಗಾಗಿ ಐಡಿವಿ 4,20,000 ರೂಪಾಯಿ. ಓನ್ ಡ್ಯಾಮೇಜ್ 8,000 ಎಂದಿಟ್ಟುಕೊಳ್ಳಿ. ಮೂರು ವರ್ಷ ಕ್ಲೇಮ್ ಇಲ್ಲದ್ದಕ್ಕೆ ಶೇ 35 ಬೋನಸ್ ಕಳೆದರೆ 5,200. ಥರ್ಡ್ ಪಾರ್ಟಿ 3,416. ಎರಡೂ ಸೇರಿಸಿ ಶೇ 18 ಜಿಎಸ್‌ಟಿ ಹಾಕಿದರೆ 10,167 ರೂಪಾಯಿ. ಮಾಲೀಕ-ಚಾಲಕರ 15 ಲಕ್ಷದ ಅಪಘಾತ ವಿಮೆ ಇದಕ್ಕೆ ಪ್ರತ್ಯೇಕ.

ಆ 3,416 ಎಂಬುದು 1,000ದಿಂದ 1,500 ಸಿಸಿ ಖಾಸಗಿ ಕಾರುಗಳಿಗೆ ಸರ್ಕಾರವೇ ಗೊತ್ತುಮಾಡಿದ ದರ, 2022ರ ಜೂನ್ 1ರಿಂದ ಜಾರಿಗೆ ಬಂದದ್ದು. ಯಾವ ಕಂಪನಿಯಲ್ಲೂ, ಯಾವ ತಾಣದಲ್ಲೂ ಇದು ಒಂದೇ. ಹೋಲಿಸಬೇಕಾದ್ದು ಓನ್ ಡ್ಯಾಮೇಜ್ ಭಾಗವನ್ನು ಮತ್ತು ಸವಕಳಿ ಕಳೆಯದೆ ಕ್ಲೇಮ್ ಕೊಡುವ ಝೀರೋ ಡೆಪ್‌ನಂಥ ಹೆಚ್ಚುವರಿ ರಕ್ಷಣೆಗಳನ್ನು ಮಾತ್ರ.

ನಂತರ ಹೋಲಿಕೆ ತಾಣ

ಇಲ್ಲಿ ಗಾಡಿ ನಂಬರ್ ಹಾಕಿದ ಕೂಡಲೇ ಮಾಡೆಲ್, ನೋಂದಣಿ ದಿನಾಂಕ, ಆರ್‌ಟಿಒ ತಾವಾಗಿ ಬಂದು ಕೂರುತ್ತವೆ. ದರ ತೋರಿಸುವ ಮುಂಚೆ ಸಾಮಾನ್ಯವಾಗಿ ಮೊಬೈಲ್ ನಂಬರ್ ಕೇಳುತ್ತಾರೆ. ಆ ಗುಂಡಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ, ಒಂದು ನಿಮಿಷ ನಿಂತು ಅದನ್ನು ಓದಿ. ಮುಂದುವರಿದರೆ ಕರೆ, ಎಸ್‌ಎಂಎಸ್, ವಾಟ್ಸ್‌ಆ್ಯಪ್‌ಗೆ ಒಪ್ಪಿದಂತೆ ಎಂಬುದು ಅದರ ಸಾರ. ಪ್ರಚಾರ ಕರೆಗಳನ್ನು ತಡೆಯುವ ಡಿಎನ್‌ಡಿಯಲ್ಲಿ ನೋಂದಾಯಿಸಿದ್ದರೂ ಕರೆಗಳು ಬರುವುದಕ್ಕೆ ಈ ಒಪ್ಪಿಗೆಯೇ ಕಾರಣ, ನೀವೇ ಕೊಟ್ಟ ಅನುಮತಿ ಡಿಎನ್‌ಡಿಯನ್ನು ಮೀರುತ್ತದೆ. ವಿಮೆಯ ಅವಧಿ ಮುಗಿಯುವ ದಿನಾಂಕವೂ ಅವರಿಗೆ ಗೊತ್ತಾಗಿರುವುದರಿಂದ ಮುಂದಿನ ವರ್ಷವೂ ಅದೇ ಹೊತ್ತಿಗೆ ಫೋನ್ ಬರುತ್ತದೆ.

ಹಾಗೆಂದು ಕಂಪನಿಗಳ ವೆಬ್‌ಸೈಟ್‌ಗಳು ಸುಮ್ಮನಿರುತ್ತವೆ ಎಂದಲ್ಲ. ಅರ್ಧಕ್ಕೆ ಬಿಟ್ಟ ಅರ್ಜಿಯ ಬೆನ್ನು ಹತ್ತಿ ಅವರೂ ಕರೆ ಮಾಡುತ್ತಾರೆ. ಐದು ಕಂಪನಿಗಳ ಪುಟ ಒಂದೊಂದಾಗಿ ತೆರೆದು ನಂಬರ್ ಕೊಟ್ಟರೆ ಐದು ಕಡೆ ನಿಮ್ಮ ನಂಬರ್ ಉಳಿಯುತ್ತದೆ. ಆ ಲೆಕ್ಕದಲ್ಲಿ ಒಂದು ಹೋಲಿಕೆ ತಾಣವೇ ವಾಸಿ, ಆದರೆ ಒಂದೇ ತಾಣ ಸಾಕು. ತಾಣದ Privacy Policy ತೆರೆದು share ಎಂಬ ಪದ ಹುಡುಕಿ. ವಿಮೆ ಕೊಡುವ ಕಂಪನಿಗೆ ವಿವರ ಹೋಗುವುದು ಅನಿವಾರ್ಯ. ಜೊತೆಗೆ ಸಾಲ, ಕ್ರೆಡಿಟ್ ಕಾರ್ಡ್ ಮಾರುವ ಸೋದರ ಕಂಪನಿಗಳಿಗೂ ಕೊಡುತ್ತೇವೆ ಎಂದಿದ್ದರೆ ಆ ತಾಣ ಬಿಟ್ಟು ಬೇರೆ ನೋಡುವುದೇ ಮೇಲು. ಪುಟದ ಅಡಿಯಲ್ಲಿ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐನ ನೋಂದಣಿ ಸಂಖ್ಯೆ ಇರಬೇಕು, ಅದನ್ನು irdai.gov.in ನಲ್ಲಿರುವ ಪಟ್ಟಿಯೊಂದಿಗೆ ತಾಳೆ ನೋಡಿ.

ಈಗ ದರಗಳ ಪಟ್ಟಿಗೆ ಬರೋಣ. ಮೇಲಿರುವ ಅಗ್ಗದ ದರ ಹೆಚ್ಚಾಗಿ ಕಡಿಮೆ ಐಡಿವಿಯದ್ದು. ನಮ್ಮ ಕಾರಿಗೆ ಐಡಿವಿಯನ್ನು 3,57,000ಕ್ಕೆ ಇಳಿಸಿದರೆ ಓನ್ ಡ್ಯಾಮೇಜ್ 6,800 ಆಗುತ್ತದೆ. ಬೋನಸ್ ಕಳೆದು 4,420, ಥರ್ಡ್ ಪಾರ್ಟಿ, ಜಿಎಸ್‌ಟಿ ಸೇರಿ 9,246. ಉಳಿಯುವುದು 921 ರೂಪಾಯಿ. ಆದರೆ ಶಿರಾಡಿ ಘಾಟಿಯಲ್ಲಿ ಕಾರು ಪೂರ್ತಿ ಜಖಂ ಆದರೆ ಕೈಗೆ 63,000 ಕಡಿಮೆ ಬರುತ್ತದೆ. ಐಡಿವಿ ಬದಲಿಸುವ ಆಯ್ಕೆ ಅಲ್ಲೇ ಇರುತ್ತದೆ. ಅದರಲ್ಲಿ 4,20,000 ಹಾಕಿ, ಬೋನಸ್ ಶೇ 35 ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ನೋಡುವ ಪಟ್ಟಿಯೇ ನಿಜವಾದ ಹೋಲಿಕೆ. ಹಿಂದಿನ ವರ್ಷ ಕ್ಲೇಮ್ ಮಾಡಿದ್ದೂ ‘ಇಲ್ಲ’ ಎಂದು ಒತ್ತಿ ಬೋನಸ್ ಪಡೆಯಬೇಡಿ. ಹೊಸ ಕಂಪನಿ ಹಳೆಯ ಕಂಪನಿಯಿಂದ ಇದನ್ನು ಕೇಳಿ ತಿಳಿದುಕೊಳ್ಳುತ್ತದೆ, ಸುಳ್ಳೆಂದು ಗೊತ್ತಾದರೆ ಮುಂದಿನ ಕ್ಲೇಮ್ ಸಿಕ್ಕಿಹಾಕಿಕೊಳ್ಳುತ್ತದೆ.

ನಮ್ಮ ಜಿಲ್ಲೆಯವರು ಇನ್ನೊಂದು ವಿಷಯ ಗಮನಿಸಬೇಕು. ಓನ್ ಡ್ಯಾಮೇಜ್ ದರಕ್ಕೆ ಬೆಂಗಳೂರು ಎ ವಲಯ, ಹಾಸನ ಬಿ ವಲಯ. ಎ ವಲಯದ ದರ ಹೆಚ್ಚು. ವಲಯ ನಿರ್ಧಾರವಾಗುವುದು ಕಾರು ನೋಂದಣಿಯಾದ ಊರಿನಿಂದ. ಬೆಂಗಳೂರಿನಲ್ಲಿರುವ ಮಗನೋ ಮಗಳೋ ಅಲ್ಲಿಂದಲೇ ಅಪ್ಪನ ಕಾರಿನ ವಿಮೆ ಕಟ್ಟುವಾಗ ನಗರದ ಜಾಗದಲ್ಲಿ ಬೆಂಗಳೂರು ಎಂದು ಆರಿಸಿದರೆ ಸುಮ್ಮನೆ ಹೆಚ್ಚು ಕಟ್ಟಿದಂತಾಗುತ್ತದೆ. ಆರ್‌ಟಿಒ KA-13 ಎಂದೇ ಇದೆಯೇ ನೋಡಿ.

ಕೊಳ್ಳುವುದು ಎಲ್ಲಿ?

ಪಟ್ಟಿಯಲ್ಲಿ ಇಷ್ಟವಾದ ಒಂದೇ ಒಂದು ಕಂಪನಿಯ ಸ್ವಂತ ವೆಬ್‌ಸೈಟಿಗೆ ಹೋಗಿ, ಅದೇ ಐಡಿವಿ, ಅದೇ ಬೋನಸ್, ಅದೇ ಹೆಚ್ಚುವರಿ ರಕ್ಷಣೆ ಹಾಕಿ. ದರ ಹೆಚ್ಚುಕಡಿಮೆ ಒಂದೇ ಇದ್ದರೆ ಕಂಪನಿಯಲ್ಲೇ ಕೊಳ್ಳುವುದು ಉತ್ತಮ, ಕ್ಲೇಮ್ ಕೊಡುವವರೂ ಅವರೇ ಆದ್ದರಿಂದ ಮಧ್ಯೆ ಇನ್ನೊಬ್ಬರ ಹತ್ತಿರ ನಿಮ್ಮ ಕಾಗದಪತ್ರ ಉಳಿಯುವುದಿಲ್ಲ. ಹೋಲಿಕೆ ತಾಣದಲ್ಲಿ ಸಾವಿರದಷ್ಟು ಅಗ್ಗವಾದರೆ, ಅಥವಾ ಕ್ಲೇಮ್ ಹೊತ್ತಿನಲ್ಲಿ ಓಡಾಡಲು ಜನ ಬೇಕೆನಿಸಿದರೆ, ಅಲ್ಲೇ ಕೊಳ್ಳಿ. ಎರಡೂ ಕಡೆ ಹಣ ಪಾವತಿ ವೆಬ್‌ಸೈಟಿನೊಳಗೇ ಆಗಲಿ. ಫೋನ್ ಮಾಡಿದವರು ತಮ್ಮ ಸ್ವಂತ ಯುಪಿಐಗೆ ಹಾಕಿ ಎಂದರೆ ಕರೆ ಕತ್ತರಿಸಿ.

ಕೊಂಡಾದ ಮೇಲೆ ಹೋಲಿಕೆ ತಾಣದ ಖಾತೆಗೆ ಹೋಗಿ ಪ್ರಚಾರದ ಸಂದೇಶಗಳನ್ನು ಬಂದ್ ಮಾಡಿ, ಅಲ್ಲಿನ ದೂರು ಅಧಿಕಾರಿಗೆ ‘ನನ್ನ ಒಪ್ಪಿಗೆ ಹಿಂಪಡೆದಿದ್ದೇನೆ’ ಎಂದು ಇಮೇಲ್ ಕಳಿಸಿ. 1909ಕ್ಕೆ START 0 ಎಂದು ಎಸ್‌ಎಂಎಸ್ ಮಾಡಿದರೆ ಪ್ರಚಾರ ಕರೆಗಳೆಲ್ಲಕ್ಕೂ ತಡೆ ಬೀಳುತ್ತದೆ. ಆಮೇಲೂ ಬಂದರೆ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ಏಳು ದಿನದೊಳಗೆ ದೂರು ಕೊಡಿ.

ಕೊನೆಯದಾಗಿ ಪಾಲಿಸಿಯ ಪಿಡಿಎಫ್ ತೆರೆಯಿರಿ. ಚಾಸಿ ನಂಬರ್ ಆರ್‌ಸಿಗೆ ಹೊಂದಬೇಕು, ಸಾಲ ಇದ್ದರೆ ಬ್ಯಾಂಕಿನ ಹೆಸರಿರಬೇಕು, ಮಧ್ಯವರ್ತಿಯ ಜಾಗದಲ್ಲಿ ನೀವು ಕೊಂಡ ತಾಣದ ಹೆಸರೋ ‘ನೇರ’ ಎಂದೋ ಇರಬೇಕು. ಮೊಬೈಲ್ ನಂಬರ್ ಮತ್ತು ಇಮೇಲ್ ನಿಮ್ಮವೇ ಎಂದು ಅಕ್ಷರ ಅಕ್ಷರವಾಗಿ ನೋಡಿ. ಫೋನಿನಲ್ಲಿ ಅರ್ಜಿ ತುಂಬಿಕೊಟ್ಟವರು ತಮ್ಮ ನಂಬರನ್ನೇ ಹಾಕಿದ್ದರೆ, ಕ್ಲೇಮ್ ದಿನದ ಒಟಿಪಿ ಅವರ ಫೋನಿಗೆ ಹೋಗುತ್ತದೆ. ಅಂಥ ತಪ್ಪು ಕಂಡರೆ ಕಂಪನಿಗೆ ಬರೆದು ಆ ವಾರವೇ ತಿದ್ದಿಸಿ. ಸರಿಪಡಿಸಲಿಲ್ಲವಾದರೆ ಐಆರ್‌ಡಿಎಐನ 155255ಕ್ಕೆ ಕರೆ ಮಾಡಿ ದೂರು ದಾಖಲಿಸಿ.